ಎನ್‌ಎಸ್‌ಇಯಲ್ಲಿ ಒಂದು ಬೆಲೆ, ಬಿಎಸ್‌ಇಯಲ್ಲಿ ಇನ್ನೊಂದು: ನಡುವಿನ ಲಾಭ ಎಲ್ಲಿ ಹೋಗುತ್ತದೆ?

ಒಂದೇ ಕಂಪನಿಯ ಷೇರು, ಎರಡು ಎಕ್ಸ್‌ಚೇಂಜ್‌ಗಳು. ಎನ್‌ಎಸ್‌ಇಯಲ್ಲಿ 500 ರೂಪಾಯಿ ತೋರಿಸುತ್ತಿದೆ, ಅದೇ ಹೊತ್ತಿಗೆ ಬಿಎಸ್‌ಇಯಲ್ಲಿ 501.50. ಇಲ್ಲಿ ಕೊಂಡು ಅಲ್ಲಿ ಮಾರಿದರೆ ಷೇರಿಗೆ ಒಂದೂವರೆ ರೂಪಾಯಿ ಸುಮ್ನೆ ಬರುತ್ತದೆ ಅಲ್ವಾ? 200 ಷೇರು ಆದರೆ 300 ರೂಪಾಯಿ. ಬೆಲೆ ಏರುತ್ತದೋ ಇಳಿಯುತ್ತದೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇದಕ್ಕೆ ಮಾರುಕಟ್ಟೆಯವರು ಆರ್ಬಿಟ್ರೇಜ್ ಅನ್ನುತ್ತಾರೆ. ಬ್ರೋಕರ್ ಆ್ಯಪ್‌ನಲ್ಲಿ ಎರಡೂ ಬೆಲೆ ಅಕ್ಕಪಕ್ಕ ಕಾಣುವುದರಿಂದ ಹೊಸಬರಲ್ಲಿ ತುಂಬಾ ಜನರಿಗೆ ಈ ಯೋಚನೆ ಬಂದೇ ಬರುತ್ತದೆ.

ಈ 300 ರೂಪಾಯಿಯನ್ನೇ ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಬೆಲೆ ಅಂತರವನ್ನು ಸರಿಯಾಗಿ ಅಳೆಯುವುದು ಹೇಗೆ, ಪ್ರತಿ ಹೆಜ್ಜೆಯಲ್ಲಿ ಎಷ್ಟು ಕರಗುತ್ತದೆ, ಕೊನೆಗೆ ಆ ಅಂತರ ಯಾರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನೋಡೋಣ. ಉದಾಹರಣೆಯ ಷೇರು ಮತ್ತು ಅದರ ಬೆಲೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಶುಲ್ಕದ ದರಗಳು ಮಾತ್ರ ನಿಜವಾದವು, 2025ರ ಹೊತ್ತಿನವು. ಅವು ಆಗಾಗ ಬದಲಾಗುತ್ತವೆ. ಹಾಗಾಗಿ ನಿಮ್ಮ ಲೆಕ್ಕಕ್ಕೆ ಮುಂಚೆ ಬ್ರೋಕರ್‌ನ ಶುಲ್ಕದ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ.

## ಹೆಜ್ಜೆ 1: ಎರಡೂ ಕಡೆ ಇರುವುದು ಒಂದೇ ಷೇರು ಎಂದು ಖಚಿತ ಮಾಡಿಕೊಳ್ಳಿ

ಹೆಸರು ಒಂದೇ ಇದ್ದರೆ ಸಾಲದು. ನೋಡಬೇಕಾದದ್ದು ಐಎಸ್‌ಐಎನ್, ಅಂದರೆ ಪ್ರತಿ ಷೇರಿಗೂ ಕೊಟ್ಟಿರುವ ಗುರುತಿನ ಸಂಖ್ಯೆ. ಬೆಂಗಳೂರಿನ ಇನ್ಫೋಸಿಸ್ ಅನ್ನೇ ತೆಗೆದುಕೊಳ್ಳಿ. ಎನ್‌ಎಸ್‌ಇಯಲ್ಲಿ ಅದರ ಗುರುತು INFY, ಬಿಎಸ್‌ಇಯಲ್ಲಿ 500209. ಎರಡು ಕಡೆಯೂ ಐಎಸ್‌ಐಎನ್ ಮಾತ್ರ INE009A01021. ಡಿಮ್ಯಾಟ್ ಖಾತೆಯಲ್ಲಿ ಷೇರು ಕೂರುವುದು ಈ ಸಂಖ್ಯೆಯ ಕೆಳಗೆ. ಯಾವ ಎಕ್ಸ್‌ಚೇಂಜ್‌ನಲ್ಲಿ ಕೊಂಡಿರಿ ಎಂಬ ಗುರುತು ಅದಕ್ಕೆ ಅಂಟಿರುವುದಿಲ್ಲ. ಅದಕ್ಕೇ ಎನ್‌ಎಸ್‌ಇಯಲ್ಲಿ ಕೊಂಡದ್ದನ್ನು ಬಿಎಸ್‌ಇಯಲ್ಲಿ ಮಾರಬಹುದು.

ಸಂಖ್ಯೆ ಬೇರೆ ಇದ್ದರೆ ಅದು ಬೇರೆಯೇ ವಸ್ತು. ಹಣ ಪೂರ್ತಿ ಕಟ್ಟದ ಹಕ್ಕಿನ ಷೇರುಗಳಿಗೆ ಬೇರೆ ಐಎಸ್‌ಐಎನ್ ಇರುತ್ತದೆ. ನ್ಯೂಯಾರ್ಕ್‌ನಲ್ಲಿ ಇದೇ INFY ಹೆಸರಿನಲ್ಲಿ ವ್ಯಾಪಾರವಾಗುವ ಇನ್ಫೋಸಿಸ್ ಎಡಿಆರ್, ಅಂದರೆ ಷೇರಿನ ಬದಲು ಅಮೆರಿಕದಲ್ಲಿ ಮಾರಾಟವಾಗುವ ರಸೀದಿ, ಅದೂ ಬೇರೆಯದೇ. ಅದರ ಬೆಲೆ ಡಾಲರ್‌ನಲ್ಲಿ, ವ್ಯಾಪಾರದ ಸಮಯ ಬೇರೆ, ಡಿಮ್ಯಾಟ್ ಷೇರನ್ನು ಅಲ್ಲಿ ಹಾಗೇ ಮಾರಲು ಬರುವುದಿಲ್ಲ. ಅಲ್ಲಿ ಕಾಣುವ ಅಂತರ ಈ ಲೇಖನದ ವಿಷಯ ಅಲ್ಲ.

ಇನ್ನೊಂದು ವಿಷಯ ಸರಣಿ. ಎನ್‌ಎಸ್‌ಇಯಲ್ಲಿ ಷೇರಿನ ಹೆಸರಿನ ಪಕ್ಕ EQ ಬದಲು BE ಎಂದಿದ್ದರೆ ಅದು ಟ್ರೇಡ್ ಟು ಟ್ರೇಡ್ ವಿಭಾಗ. ಅಲ್ಲಿ ಅದೇ ದಿನ ಕೊಂಡು ಮಾರಿ ಲೆಕ್ಕ ಚುಕ್ತಾ ಮಾಡಲು ಆಗುವುದಿಲ್ಲ, ಪ್ರತಿ ವಹಿವಾಟಿಗೂ ಡೆಲಿವರಿ ಆಗಲೇಬೇಕು, ಅಂದರೆ ಷೇರು ನಿಜಕ್ಕೂ ಡಿಮ್ಯಾಟ್‌ನಿಂದ ಡಿಮ್ಯಾಟ್‌ಗೆ ಹೋಗಬೇಕು. ಇಂಥ ಷೇರುಗಳಲ್ಲಿ ಎರಡು ಕಡೆಯ ಬೆಲೆ ದೂರ ನಿಂತಿರುವುದು ಸಾಮಾನ್ಯ. ಕಾರಣವೂ ಅದೇ, ಅಂತರ ಮುಚ್ಚುವುದು ಯಾರಿಗೂ ಸುಲಭವಲ್ಲ.

## ಹೆಜ್ಜೆ 2: ಎಲ್‌ಟಿಪಿಯನ್ನು ಮರೆತುಬಿಡಿ

ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣುವ ಬೆಲೆ ಎಲ್‌ಟಿಪಿ, ಅಂದರೆ ಕೊನೆಯ ವಹಿವಾಟು ನಡೆದ ಬೆಲೆ. ಅದು ಆಗಿಹೋದ ಸಂಗತಿ. ಆ ಬೆಲೆಗೆ ಈಗ ಯಾರೋ ಕಾದು ನಿಂತಿದ್ದಾರೆ ಎಂದು ಅದರ ಅರ್ಥ ಅಲ್ಲ.

ಭಾರತದಲ್ಲಿ ನಗದು ಷೇರು ವಹಿವಾಟಿನ ಬಹುಪಾಲು ನಡೆಯುವುದು ಎನ್‌ಎಸ್‌ಇಯಲ್ಲಿ. ಮಧ್ಯಮ ಗಾತ್ರದ ಕಂಪನಿಯ ಷೇರು ಅಲ್ಲಿ ಸೆಕೆಂಡಿಗೆ ಹಲವು ಸಲ ಕೈ ಬದಲಾಯಿಸುತ್ತಿದ್ದರೆ, ಬಿಎಸ್‌ಇಯಲ್ಲಿ ಒಂದು ವಹಿವಾಟಿಗೂ ಇನ್ನೊಂದಕ್ಕೂ ನಿಮಿಷಗಳೇ ಕಳೆಯಬಹುದು. ನಮ್ಮ ಉದಾಹರಣೆಯಲ್ಲಿ ಬಿಎಸ್‌ಇಯ 501.50 ಎಂಬ ವಹಿವಾಟು ನಡೆದದ್ದು 11.42ಕ್ಕೆ ಅಂತ ಇಟ್ಟುಕೊಳ್ಳಿ. ನೀವು ನೋಡುತ್ತಿರುವುದು 11.46ಕ್ಕೆ. ಆ ನಾಲ್ಕು ನಿಮಿಷದಲ್ಲಿ ಎನ್‌ಎಸ್‌ಇ ಬೆಲೆ ಕೆಳಗಿಳಿದು 500ಕ್ಕೆ ಬಂದಿದೆ, ಬಿಎಸ್‌ಇಯಲ್ಲಿ ಯಾರೂ ವಹಿವಾಟು ಮಾಡಿಲ್ಲ. ನೀವು ಹೋಲಿಸುತ್ತಿರುವುದು ಈಗಿನ ಬೆಲೆಯನ್ನೂ ನಾಲ್ಕು ನಿಮಿಷ ಹಳೆಯ ಬೆಲೆಯನ್ನೂ. ಅದಕ್ಕೇ ಕೋಟ್ ಪುಟದಲ್ಲಿ ಕೊನೆಯ ವಹಿವಾಟಿನ ಸಮಯವನ್ನು ಮೊದಲು ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಜನ ಹಿಡಿದು ತೋರಿಸುವ ಅಂತರಗಳಲ್ಲಿ ಬಹುಪಾಲು ಈ ಒಂದೇ ನೋಟಕ್ಕೆ ಬಿದ್ದುಹೋಗುತ್ತವೆ.

ಪತ್ರಿಕೆಯಲ್ಲೋ ವೆಬ್‌ಸೈಟ್‌ನಲ್ಲೋ ಬರುವ ದಿನದ ಮುಕ್ತಾಯದ ಬೆಲೆಗಳನ್ನು ಹೋಲಿಸುವುದಂತೂ ಬೇಡವೇ ಬೇಡ. ಮುಕ್ತಾಯದ ಬೆಲೆ ಅಂದರೆ ಕೊನೆಯ ವಹಿವಾಟಿನ ಬೆಲೆ ಎಂದು ತುಂಬಾ ಜನ ತಿಳಿದಿದ್ದಾರೆ. ಆದರೆ ಎರಡೂ ಎಕ್ಸ್‌ಚೇಂಜ್‌ಗಳು ಬಹುಕಾಲದಿಂದ ಅದನ್ನು ತಂತಮ್ಮ ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಾಗಿ ಲೆಕ್ಕ ಹಾಕುತ್ತ ಬಂದಿವೆ. ಎರಡು ಸರಾಸರಿ ಬೇರೆ ಬೇರೆ ಬಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಆ ಬೆಲೆಗೆ ಕೊಳ್ಳುವ ಅವಕಾಶವೂ ಯಾರಿಗೂ ಇರಲಿಲ್ಲ.

ಹಾಗಾದರೆ ಏನು ನೋಡಬೇಕು? ಬಿಡ್ ಮತ್ತು ಆಸ್ಕ್. ಬಿಡ್ ಅಂದರೆ ಈ ಕ್ಷಣ ಕೊಳ್ಳಲು ನಿಂತವರ ಅತಿ ಹೆಚ್ಚಿನ ಬೆಲೆ. ಆಸ್ಕ್ ಅಂದರೆ ಮಾರಲು ನಿಂತವರ ಅತಿ ಕಡಿಮೆ ಬೆಲೆ. ನೀವು ತಕ್ಷಣ ಕೊಳ್ಳಬೇಕಾದರೆ ಆಸ್ಕ್ ಕೊಡಬೇಕು, ತಕ್ಷಣ ಮಾರಬೇಕಾದರೆ ಬಿಡ್ ಸಿಗುತ್ತದೆ. ಹಾಗಾಗಿ ನಿಜವಾದ ಅಂತರ ಅಂದರೆ ಒಂದು ಕಡೆಯ ಬಿಡ್‌ನಿಂದ ಇನ್ನೊಂದು ಕಡೆಯ ಆಸ್ಕ್ ಕಳೆದರೆ ಉಳಿಯುವುದು, ಅಷ್ಟೇ.

ಒಂದು ಸ್ಪ್ರೆಡ್‌ಶೀಟ್ ಮಾಡಿಕೊಳ್ಳಿ. A ಕಾಲಂನಲ್ಲಿ ಸಮಯ, Bಯಲ್ಲಿ ಎನ್‌ಎಸ್‌ಇ ಬಿಡ್, Cಯಲ್ಲಿ ಎನ್‌ಎಸ್‌ಇ ಆಸ್ಕ್, Dಯಲ್ಲಿ ಬಿಎಸ್‌ಇ ಬಿಡ್, Eಯಲ್ಲಿ ಬಿಎಸ್‌ಇ ಆಸ್ಕ್. F ಕಾಲಂನಲ್ಲಿ ಈ ಸೂತ್ರ:

```
=MAX(D2-C2, B2-E2)
```

ಒಂದು ವಾರ ಬಿಡುವಾದಾಗಲೆಲ್ಲ ಕೆಲವು ಷೇರುಗಳಿಗೆ ಇದನ್ನು ತುಂಬಿ ನೋಡಿ. ಉತ್ತರ ಹೆಚ್ಚಿನ ಸಲ ಶೂನ್ಯಕ್ಕಿಂತ ಕೆಳಗೆ ಇರುತ್ತದೆ. ಎಲ್‌ಟಿಪಿಯಲ್ಲಿ ಒಂದು ರೂಪಾಯಿ ಅಂತರ ಕಾಣುತ್ತಿದ್ದಾಗಲೂ ಬಿಡ್ ಮತ್ತು ಆಸ್ಕ್ ಹಾಕಿ ನೋಡಿದರೆ ನಷ್ಟವೇ ತೋರಿಸುವುದುಂಟು. ತುಂಬುವಾಗ ಒಂದು ಎಚ್ಚರ ಬೇಕು. ಒಂದು ಕಡೆಯ ಬೆಲೆ ಬರೆದು, ಪುಟ ಬದಲಿಸಿ, ಇನ್ನೊಂದು ಬರೆಯುವಷ್ಟರಲ್ಲಿ ಕೆಲವು ಸೆಕೆಂಡು ಹೋಗಿರುತ್ತದೆ. ಆ ಸೆಕೆಂಡುಗಳೇ ಇಲ್ಲದ ಅಂತರವನ್ನು ಹುಟ್ಟಿಸುತ್ತವೆ. ಎರಡೂ ಒಂದೇ ಪರದೆಯಲ್ಲಿ ಕಾಣುವಂತೆ ಇಟ್ಟುಕೊಂಡು ಸ್ಕ್ರೀನ್‌ಶಾಟ್ ತೆಗೆದರೆ ವಾಸಿ. ತಡವಾಗಿ ಬೆಲೆ ತೋರಿಸುವ ಉಚಿತ ವೆಬ್‌ಸೈಟ್‌ಗಳು ಈ ಕೆಲಸಕ್ಕೆ ಬರುವುದಿಲ್ಲ.

## ಹೆಜ್ಜೆ 3: ಎಷ್ಟು ಷೇರಿಗೆ ಆ ಬೆಲೆ ಇದೆ?

ಈಗ ನಮ್ಮ ಷೇರಿನ ಮಾರ್ಕೆಟ್ ಡೆಪ್ತ್, ಅಂದರೆ ಯಾವ ಬೆಲೆಗೆ ಎಷ್ಟು ಷೇರಿನ ಆರ್ಡರ್ ನಿಂತಿದೆ ಎಂಬ ಪಟ್ಟಿ ತೆರೆಯೋಣ. ಎನ್‌ಎಸ್‌ಇಯಲ್ಲಿ ಬಿಡ್ 500.00, ಆಸ್ಕ್ 500.05. ಎರಡೂ ಕಡೆ ನೂರಾರು ಷೇರುಗಳು ನಿಂತಿವೆ, 200 ಷೇರಿಗೆ ಯಾವ ತೊಂದರೆಯೂ ಇಲ್ಲ. ಬಿಎಸ್‌ಇಯಲ್ಲಿ ಆಸ್ಕ್ 501.50. ಕೊಳ್ಳುವವರ ಸಾಲು ಹೀಗಿದೆ:

| ಬಿಎಸ್‌ಇ ಬಿಡ್ | ಷೇರುಗಳು |
|---|---|
| 500.60 | 35 |
| 500.45 | 60 |
| 500.20 | 140 |

501.50 ಎಂಬ ಕೊನೆಯ ವಹಿವಾಟು ಎಲ್ಲಿಂದ ಬಂತು ಎಂಬುದು ಈಗ ಗೊತ್ತಾಗುತ್ತದೆ. ಯಾರೋ ಒಬ್ಬರು ಅಲ್ಲಿನ ಆಸ್ಕ್ ಕೊಟ್ಟು ಕೊಂಡಿದ್ದಾರೆ. ನೀವು ಮಾರಲು ಹೋದರೆ ನಿಮಗೆ ಸಿಗುವುದು ಆ ಬೆಲೆ ಅಲ್ಲ, ಬಿಡ್.

200 ಷೇರು ಮಾರಿದರೆ ಮೊದಲ 35 ಷೇರು 500.60ಕ್ಕೆ ಹೋಗುತ್ತವೆ, ಅದು 17,521 ರೂಪಾಯಿ. ಮುಂದಿನ 60 ಷೇರು 500.45ಕ್ಕೆ, 30,027 ರೂಪಾಯಿ. ಉಳಿದ 105 ಷೇರು 500.20ಕ್ಕೆ, 52,521 ರೂಪಾಯಿ. ಒಟ್ಟು ಬಂದದ್ದು 1,00,069. ಎನ್‌ಎಸ್‌ಇಯಲ್ಲಿ 200 ಷೇರು 500.05ಕ್ಕೆ ಕೊಂಡರೆ ಹೋದದ್ದು 1,00,010. ಉಳಿದದ್ದು 59 ರೂಪಾಯಿ.

ಅಂದರೆ 300 ರೂಪಾಯಿ ಎಂದು ಕಂಡದ್ದು, ಒಂದು ಪೈಸೆ ಶುಲ್ಕ ಕಟ್ಟುವ ಮೊದಲೇ 59ಕ್ಕೆ ಇಳಿಯಿತು. ಅದರಲ್ಲೂ ಮೊದಲ 35 ಷೇರಿನ ಪಾಲೇ 19 ರೂಪಾಯಿ ಚಿಲ್ಲರೆ. ನೀವು ಆರ್ಡರ್ ಹಾಕುವಷ್ಟರಲ್ಲಿ ಆ 35 ಷೇರಿನ ಬಿಡ್ ಅಲ್ಲೇ ಇರುತ್ತದೆ ಎಂಬ ಖಾತರಿಯೂ ಇಲ್ಲ.

## ಹೆಜ್ಜೆ 4: ಶುಲ್ಕಗಳನ್ನು ಒಂದೊಂದಾಗಿ ಕಳೆಯಿರಿ

ಈ ಲೆಕ್ಕದಲ್ಲಿ ನಿಮ್ಮ ಡಿಮ್ಯಾಟ್‌ನಲ್ಲಿ ಈಗಾಗಲೇ 200 ಷೇರು ಇವೆ ಎಂದುಕೊಳ್ಳೋಣ. ಅವನ್ನು ಬಿಎಸ್‌ಇಯಲ್ಲಿ ಮಾರುತ್ತೀರಿ, ಅಷ್ಟನ್ನೇ ಎನ್‌ಎಸ್‌ಇಯಲ್ಲಿ ಮರಳಿ ಕೊಳ್ಳುತ್ತೀರಿ. ಷೇರು ಯಾಕೆ ಮೊದಲೇ ಇರಬೇಕು ಎಂಬುದನ್ನು ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡದು ಎಸ್‌ಟಿಟಿ, ಷೇರು ವಹಿವಾಟಿನ ಮೇಲೆ ಕೇಂದ್ರ ಸರ್ಕಾರ 2004ರಿಂದ ಹಾಕುತ್ತಿರುವ ತೆರಿಗೆ. ಡೆಲಿವರಿ ವಹಿವಾಟಿಗೆ ಕೊಳ್ಳುವಾಗ ಶೇ. 0.1, ಮಾರುವಾಗಲೂ ಶೇ. 0.1. ಬಿಎಸ್‌ಇಯಲ್ಲಿ ನಿಮ್ಮದು ಬರೀ ಮಾರಾಟ, ಎನ್‌ಎಸ್‌ಇಯಲ್ಲಿ ಬರೀ ಖರೀದಿ. ಒಂದೇ ಕಡೆ ಕೊಂಡು ಮಾರಿದ್ದಲ್ಲವಾದ್ದರಿಂದ ಇಂಟ್ರಾಡೇಯ, ಅಂದರೆ ಅದೇ ದಿನ ಕೊಂಡು ಮಾರಿ ಮುಗಿಸುವ ವಹಿವಾಟಿನ, ಕಡಿಮೆ ದರ ಸಿಗುವುದಿಲ್ಲ. ಎರಡಕ್ಕೂ ಡೆಲಿವರಿ ದರವೇ. ಲಕ್ಷಕ್ಕೆ ನೂರರಂತೆ ಎರಡು ಸಲ, ಒಟ್ಟು 200 ರೂಪಾಯಿ. ಕೈಯಲ್ಲಿ ಇದ್ದ 59 ಇಲ್ಲಿಗೇ ಮುಗಿಯಿತು. ಆದರೂ ಪೂರ್ತಿ ಲೆಕ್ಕ ಮಾಡೋಣ, ಮುಂದೆ ಬೇಕಾಗುತ್ತದೆ.

ಕೊಳ್ಳುವ ಕಡೆ ಸ್ಟಾಂಪ್ ಡ್ಯೂಟಿ ಶೇ. 0.015, ಅಂದರೆ 15 ರೂಪಾಯಿ. ಎಕ್ಸ್‌ಚೇಂಜ್‌ಗಳ ವಹಿವಾಟು ಶುಲ್ಕ ಎನ್‌ಎಸ್‌ಇಯಲ್ಲಿ ಲಕ್ಷಕ್ಕೆ ಸುಮಾರು 3 ರೂಪಾಯಿ, ಬಿಎಸ್‌ಇಯಲ್ಲಿ ಹೆಚ್ಚಿನ ಷೇರುಗಳಿಗೆ 3.75. ಮಾರುಕಟ್ಟೆಯ ನಿಯಂತ್ರಕ ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ, ನಮ್ಮ ಎರಡು ವಹಿವಾಟಿಗೆ ಸೇರಿ 20 ಪೈಸೆ. ಎಕ್ಸ್‌ಚೇಂಜ್ ಮತ್ತು ಸೆಬಿ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, 1.25 ರೂಪಾಯಿ. ಡೆಲಿವರಿಗೆ ಬ್ರೋಕರೇಜ್ ಶೂನ್ಯ ಇರುವ ಬ್ರೋಕರ್ ಎಂದೇ ಇಟ್ಟುಕೊಂಡಿದ್ದೇನೆ. ಎಲ್ಲ ಸೇರಿ ಸುಮಾರು 223 ರೂಪಾಯಿ.

59ರಿಂದ 223 ಕಳೆದರೆ 164 ರೂಪಾಯಿ ನಷ್ಟ. ಡಿಮ್ಯಾಟ್‌ನಿಂದ ಷೇರು ಹೊರಗೆ ಹೋದದ್ದಕ್ಕೆ ನಿಮ್ಮ ಬ್ರೋಕರ್ ಡಿಪಿ ಶುಲ್ಕ ಹಾಕಿದರೆ ನಷ್ಟ ಇನ್ನೂ ಹೆಚ್ಚುತ್ತದೆ. ಡೆಲಿವರಿಗೆ ಶೇಕಡಾವಾರು ಬ್ರೋಕರೇಜ್ ತೆಗೆದುಕೊಳ್ಳುವ ಬ್ರೋಕರ್ ಆದರೆ ಕತೆಯೇ ಬೇರೆ. ಶೇ. 0.25 ಇದ್ದರೂ ಎರಡು ಕಡೆಗೆ 500 ರೂಪಾಯಿ, ಮೇಲೆ ಜಿಎಸ್‌ಟಿ.

ಈ 223ರಲ್ಲಿ 215 ರೂಪಾಯಿ ಎಸ್‌ಟಿಟಿ ಮತ್ತು ಸ್ಟಾಂಪ್ ಡ್ಯೂಟಿ ಎಂಬುದನ್ನು ಗಮನಿಸಿ. ಶೂನ್ಯ ಬ್ರೋಕರೇಜ್ ಎಂಬ ಜಾಹೀರಾತು ಈ ಲೆಕ್ಕವನ್ನು ಬದಲಿಸುವುದಿಲ್ಲ. ದೊಡ್ಡ ಮೊತ್ತ ಹಾಕಿದರೂ ಉಪಯೋಗವಿಲ್ಲ, ಯಾಕೆಂದರೆ ಇವೆಲ್ಲ ಶೇಕಡಾ ಲೆಕ್ಕದವು. ಒಂದು ಲಕ್ಷಕ್ಕೆ 223 ಆದರೆ ಹತ್ತು ಲಕ್ಷಕ್ಕೆ 2,230. ಹಾಗಾಗಿ ನಿಮ್ಮ ಕನಿಷ್ಠ ಗೆರೆ ಬೆಲೆಯ ಶೇ. 0.223. 500 ರೂಪಾಯಿ ಷೇರಿಗೆ 1 ರೂಪಾಯಿ 12 ಪೈಸೆ. ಸ್ವಲ್ಪ ಅಂಚು ಬಿಟ್ಟು ಸ್ಪ್ರೆಡ್‌ಶೀಟ್‌ನ G ಕಾಲಂನಲ್ಲಿ ಇದನ್ನು ಹಾಕಿ:

```
=0.0023*C2
```

F ಕಾಲಂ Gಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದೆ ಯೋಚಿಸಬೇಕು. ಅದೂ ನಿಮ್ಮ ಪೂರ್ತಿ ಷೇರುಗಳ ಸರಾಸರಿ ಬೆಲೆಗೆ, ಮೊದಲ ಸಾಲಿನ 35 ಷೇರಿಗೆ ಅಲ್ಲ.

## ಹೆಜ್ಜೆ 5: ಷೇರು ಕೈಯಲ್ಲಿ ಇಲ್ಲದಿದ್ದರೆ?

ಬೆಳಿಗ್ಗೆ ಎನ್‌ಎಸ್‌ಇಯಲ್ಲಿ ಕೊಂಡು ಆಗಲೇ ಬಿಎಸ್‌ಇಯಲ್ಲಿ ಮಾರಿದರೆ ಒಂದಕ್ಕೊಂದು ವಜಾ ಆಗುವುದಿಲ್ಲವೇ ಎಂದು ಕೇಳುವವರು ತುಂಬಾ ಜನ. 2019ರಲ್ಲಿ ವಹಿವಾಟುಗಳನ್ನು ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್‌ಗಳ ನಡುವೆ ಹೊಂದಾಣಿಕೆ ಬಂತು. ಬ್ರೋಕರ್ ಎರಡೂ ಎಕ್ಸ್‌ಚೇಂಜ್‌ಗಳ ವಹಿವಾಟನ್ನು ಒಂದೇ ಕಡೆ ಚುಕ್ತಾ ಮಾಡಬಹುದು ಎಂದಾಯಿತು. ಆದರೆ ನೀವು ಆರ್ಡರ್ ಹಾಕುವ ಪರದೆ ಬೇರೆ ಕತೆ. ಇಂಟ್ರಾಡೇ ಪೊಸಿಷನ್ ಎಂದರೆ ಆ್ಯಪ್‌ಗೆ ಎನ್‌ಎಸ್‌ಇಯ ಖರೀದಿ ಒಂದು, ಬಿಎಸ್‌ಇಯ ಮಾರಾಟ ಇನ್ನೊಂದು. ಮಧ್ಯಾಹ್ನ ಮೂರರ ನಂತರ ಬ್ರೋಕರ್ ತಾನೇ ಸ್ಕ್ವೇರ್ ಆಫ್ ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ಮುಚ್ಚುತ್ತದೆ. ಆ ಹೊತ್ತಿನ ಬೆಲೆಗೆ, ಮತ್ತೆ ಎರಡು ಕಡೆಯ ಶುಲ್ಕದೊಂದಿಗೆ.

ಡಿಮ್ಯಾಟ್‌ನಲ್ಲಿ ಇಲ್ಲದ ಷೇರನ್ನು ಮಾರಿ, ಚುಕ್ತಾ ದಿನ ಕೊಡಲಾಗದೆ ಹೋದರೆ ಎಕ್ಸ್‌ಚೇಂಜ್ ಅದನ್ನು ಹರಾಜಿನಲ್ಲಿ ಕೊಂಡು ಎದುರಿನವರಿಗೆ ಕೊಡುತ್ತದೆ. ಹರಾಜಿನ ಬೆಲೆ ಮಾರುಕಟ್ಟೆ ಬೆಲೆಗಿಂತ ಎಷ್ಟೋ ಮೇಲಿರಬಹುದು. ಆ ವ್ಯತ್ಯಾಸ ಮತ್ತು ದಂಡ ಎರಡೂ ನಿಮ್ಮದೇ. ಕೆಲವು ಪೈಸೆಯ ಅಂತರಕ್ಕೆ ಹೊರಟು ಷೇರಿಗೆ ಹತ್ತಾರು ರೂಪಾಯಿ ತೆರುವ ದಾರಿ ಇದು. ಹೀಗೆ ಅಡ್ಡ ಎಕ್ಸ್‌ಚೇಂಜ್ ವಹಿವಾಟನ್ನು ನಿಮ್ಮ ಬ್ರೋಕರ್ ಹೇಗೆ ನೋಡುತ್ತಾರೆ ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳದೆ ಕೈ ಹಾಕಬೇಡಿ. ಫೋನಿನಲ್ಲಿ ಹೇಳಿದ ಮಾತು ಹರಾಜಿನ ದಿನ ಕೆಲಸಕ್ಕೆ ಬರುವುದಿಲ್ಲ.

ಇಂಟ್ರಾಡೇಯಲ್ಲೇ ಸರಿಯಾಗಿ ಮಾಡುವ ದಾರಿಯೂ ಇದೆ. ಬಿಎಸ್‌ಇಯಲ್ಲಿ ಮಾರಿ ಎನ್‌ಎಸ್‌ಇಯಲ್ಲಿ ಕೊಳ್ಳುವುದು. ಅಂತರ ಮುಚ್ಚಿದ ಮೇಲೆ ಬಿಎಸ್‌ಇಯಲ್ಲಿ ಮರಳಿ ಕೊಂಡು ಎನ್‌ಎಸ್‌ಇಯಲ್ಲಿ ಮಾರುವುದು. ಆಗ ಪ್ರತಿ ಎಕ್ಸ್‌ಚೇಂಜ್‌ನಲ್ಲೂ ಲೆಕ್ಕ ಚುಕ್ತಾ ಆಗುತ್ತದೆ. ಎಸ್‌ಟಿಟಿ ಮಾರುವ ಕಡೆ ಮಾತ್ರ, ಅದೂ ಶೇ. 0.025. ಒಂದು ಲಕ್ಷದ ಗಾತ್ರಕ್ಕೆ ಎರಡು ಮಾರಾಟದ ಎಸ್‌ಟಿಟಿ 50 ರೂಪಾಯಿ. ಎರಡು ಖರೀದಿಯ ಸ್ಟಾಂಪ್ ಡ್ಯೂಟಿ ಶೇ. 0.003ರಂತೆ 6. ಎಕ್ಸ್‌ಚೇಂಜ್, ಸೆಬಿ, ಜಿಎಸ್‌ಟಿ ಸೇರಿ 16ರಷ್ಟು. ಒಟ್ಟು 72. ಷೇರಿಗೆ 36 ಪೈಸೆ. ಡೆಲಿವರಿಗಿಂತ ಎಷ್ಟೋ ಅಗ್ಗ.

ಆದರೆ ಇಲ್ಲಿ ಆರ್ಡರ್‌ಗಳು ನಾಲ್ಕು. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಆದರೆ 80, ಜಿಎಸ್‌ಟಿ ಸೇರಿ 94. ಈಗ ಒಟ್ಟು ಸುಮಾರು 167 ರೂಪಾಯಿ, ಷೇರಿಗೆ 83 ಪೈಸೆ. 20 ರೂಪಾಯಿ ಸ್ಥಿರವಾದ್ದರಿಂದ ಜಾಸ್ತಿ ಷೇರು ಹಾಕಿದರೆ ಆ ಭಾರ ಹಗುರವಾಗುತ್ತದೆ, ನಿಜ. ಆದರೆ ಬಿಎಸ್‌ಇಯ ಮೂರು ಸಾಲು ಸೇರಿದರೂ ಇದ್ದದ್ದು 235 ಷೇರು. ಶುಲ್ಕ ಗಾತ್ರ ಹೆಚ್ಚಿಸು ಅನ್ನುತ್ತದೆ, ಡೆಪ್ತ್ ಬೇಡ ಅನ್ನುತ್ತದೆ. ಸಣ್ಣ ಹೂಡಿಕೆದಾರ ಈ ಎರಡರ ನಡುವೆ ಸಿಕ್ಕಿಬೀಳುತ್ತಾನೆ.

ಇದಕ್ಕಿಂತ ದೊಡ್ಡ ತೊಡಕು ಹೊರಬರುವುದು. ಬಿಎಸ್‌ಇಯಲ್ಲಿ ಮರಳಿ ಕೊಳ್ಳಬೇಕಾದರೆ ಆಸ್ಕ್ ಕೊಡಬೇಕು. ಅಲ್ಲಿ ಬಿಡ್‌ಗೂ ಆಸ್ಕ್‌ಗೂ 90 ಪೈಸೆ ದೂರ ಇದೆ. ಬಿಡ್ ಇಳಿದು ಎನ್‌ಎಸ್‌ಇಗೆ ಸಮ ಬಂದರೆ ನಿಮಗೆ ಸಾಲದು, ಆಸ್ಕ್ ಇಳಿಯಬೇಕು. ಸಂಜೆಯವರೆಗೂ ಅದು ಇಳಿಯಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಅಪಾಯವಿಲ್ಲದ ಲಾಭ ಎಂದು ಶುರುವಾದದ್ದು ಇಲ್ಲಿ ಬೆಲೆಯ ಚಲನೆಯ ಮೇಲಿನ ಪಣವಾಗಿರುತ್ತದೆ.

## ಹೆಜ್ಜೆ 6: ಹಳೆಯ ಷೇರಿಗೆ ಅಂಟಿದ ತೆರಿಗೆ

ಡಿಮ್ಯಾಟ್‌ನಲ್ಲಿ ಷೇರು ಇರುವವರು ತುಂಬಾ ಸುಲಭವಾಗಿ ಮರೆಯುವ ವಿಷಯ ಇದು. ವಹಿವಾಟಿನ ಬಳಿಕ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಇದು ಕಾಣಿಸುವುದೇ ಇಲ್ಲ.

ಆ 200 ಷೇರುಗಳನ್ನು ನೀವು 11 ತಿಂಗಳ ಹಿಂದೆ 400 ರೂಪಾಯಿಗೆ ಕೊಂಡಿದ್ದೀರಿ ಎಂದುಕೊಳ್ಳಿ. ಡಿಮ್ಯಾಟ್‌ನಲ್ಲಿ ಮೊದಲು ಬಂದ ಷೇರು ಮೊದಲು ಹೋಯಿತು ಎಂದೇ ಲೆಕ್ಕ. ಬಿಎಸ್‌ಇಯಲ್ಲಿ ಮಾರಿದಾಗ ಹೋಗುವುದು ಆ ಹಳೆಯ ಷೇರುಗಳು. ಸುಮಾರು 20,000 ರೂಪಾಯಿ ಅಲ್ಪಾವಧಿ ಲಾಭ ಆಯಿತು. 2024ರ ಜುಲೈ 23ರಿಂದ ಇದಕ್ಕೆ ತೆರಿಗೆ ಶೇ. 20, ಅಂದರೆ 4,000 ರೂಪಾಯಿ, ಮೇಲೆ ಸೆಸ್. ಇನ್ನೊಂದು ತಿಂಗಳು ಸುಮ್ಮನಿದ್ದು ವರ್ಷ ದಾಟಿದ ಮೇಲೆ ಮಾರಿದ್ದರೆ ಅದು ದೀರ್ಘಾವಧಿ ಲಾಭ. ವರ್ಷಕ್ಕೆ ಒಟ್ಟು 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇಲ್ಲ.

ಎನ್‌ಎಸ್‌ಇಯಲ್ಲಿ ಮರಳಿ ಕೊಂಡ ಷೇರು ಹೊಸ ಷೇರು. ಅದರ ಒಂದು ವರ್ಷದ ಎಣಿಕೆ ಅವತ್ತಿನಿಂದ ಶುರು. ಕೆಲವು ರೂಪಾಯಿಗೆ ಹೋಗಿ ಸಾವಿರಾರು ರೂಪಾಯಿಯ ತೆರಿಗೆಯನ್ನು ಎಳೆದುಕೊಳ್ಳುವುದು ಹೀಗೆ. ಕೊಂಡ ಬೆಲೆಗಿಂತ ಷೇರು ಕೆಳಗಿದ್ದರೆ ಈ ಲೆಕ್ಕ ತಿರುಗುತ್ತದೆ. ಹಾಗಾಗಿ ನಿಮ್ಮ ಕೊಂಡ ದಿನಾಂಕ ಮತ್ತು ಬೆಲೆ ಇಟ್ಟುಕೊಂಡು ಆಡಿಟರ್ ಹತ್ತಿರ ಒಮ್ಮೆ ಕೇಳುವುದು ಒಳ್ಳೆಯದು.

## ಹೆಜ್ಜೆ 7: ಆದರೂ ಅಂತರ ಗೆರೆ ದಾಟಿದರೆ

ಶೇ. 0.23 ದಾಟಿದ ನಿಜವಾದ ಅಂತರ ಕಂಡರೆ ಮೊದಲು ಕೇಳಬೇಕಾದದ್ದು, ಇದು ಇನ್ನೂ ಯಾಕೆ ಉಳಿದಿದೆ ಎಂದು. ಎರಡೂ ಎಕ್ಸ್‌ಚೇಂಜ್‌ಗಳು ಮುಂಬೈಯಲ್ಲಿವೆ. ಎಕ್ಸ್‌ಚೇಂಜ್‌ನ ಆವರಣದಲ್ಲೇ ಸರ್ವರ್ ಇಟ್ಟುಕೊಂಡ ಸಂಸ್ಥೆಗಳು ಎರಡು ಕಡೆಯ ಬೆಲೆಯನ್ನು ನಿಮಗಿಂತ ಎಷ್ಟೋ ಮೊದಲು ನೋಡುತ್ತಿರುತ್ತವೆ. ಅವರ ಬ್ರೋಕರೇಜ್ ಶೂನ್ಯ, ಇಂಟ್ರಾಡೇ ದರದಲ್ಲಿ ಕೆಲಸ. ಅವರ ಗೆರೆ 500 ರೂಪಾಯಿಗೆ ಸುಮಾರು 36 ಪೈಸೆ ಎಂಬುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ನಿಮ್ಮದು 1 ರೂಪಾಯಿ 12 ಪೈಸೆ. ಅಂತರ ನಿಮ್ಮ ಗೆರೆಗೆ ಬರುವ ಮೊದಲು ಅವರ ಗೆರೆಯನ್ನು ದಾಟಿ ಬರಬೇಕು. ಅವರೂ ಮುಟ್ಟದೆ ಬಿಟ್ಟಿದ್ದಾರೆ ಎಂದರೆ ಏನೋ ಅಡ್ಡಿ ಇದೆ.

ಆ ಅಡ್ಡಿ ಸಾಮಾನ್ಯವಾಗಿ ಸರ್ಕ್ಯೂಟ್ ಮಿತಿ, ಅಂದರೆ ಒಂದು ದಿನದಲ್ಲಿ ಬೆಲೆ ಏರಿಳಿಯಬಹುದಾದ ಗಡಿ. ಎಕ್ಸ್‌ಚೇಂಜ್‌ಗಳು ಈ ಮಿತಿಯನ್ನು ತಂತಮ್ಮ ಹಿಂದಿನ ದಿನದ ಮುಕ್ತಾಯದ ಬೆಲೆಯ ಮೇಲೆ ಹಾಕುತ್ತವೆ. ಆ ಬೆಲೆಗಳೇ ಬೇರೆ ಇದ್ದರೆ ಮಿತಿಯೂ ಬೇರೆ. ಷೇರು ಒಂದು ಕಡೆ ಮೇಲಿನ ಮಿತಿಗೆ ತಾಗಿ ನಿಂತರೆ ಅಲ್ಲಿ ಅಗ್ಗವಾಗಿ ಕಾಣುತ್ತದೆ. ಆದರೆ ಮಾರುವವರು ಒಬ್ಬರೂ ಇರುವುದಿಲ್ಲ, ಆಸ್ಕ್ ಕಾಲಂ ಖಾಲಿ. ಇನ್ನೊಂದು ಕಡೆ ಮಾರಿ ಇಲ್ಲಿ ಕೊಳ್ಳುತ್ತೇನೆ ಎಂದು ಹೊರಟರೆ ಒಂದು ಕಾಲು ಗಾಳಿಯಲ್ಲಿ ಉಳಿಯುತ್ತದೆ.

ಅಪರೂಪಕ್ಕೆ ಬಾಗಿಲೇ ಮುಚ್ಚುವುದೂ ಉಂಟು. 2021ರ ಫೆಬ್ರುವರಿ 24ರಂದು ತಾಂತ್ರಿಕ ತೊಂದರೆಯಿಂದ ಎನ್‌ಎಸ್‌ಇ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಲ್ಲಿಸಿತು. ಬಿಎಸ್‌ಇ ನಡೆಯುತ್ತಲೇ ಇತ್ತು. ಎನ್‌ಎಸ್‌ಇ ಮತ್ತೆ ತೆರೆದದ್ದು ಮಧ್ಯಾಹ್ನ 3.45ಕ್ಕೆ, ಆ ದಿನ ಸಂಜೆ 5ರವರೆಗೆ ಸಮಯ ವಿಸ್ತರಿಸಲಾಯಿತು. ಸಂಜೆ ಮತ್ತೆ ತೆರೆಯುತ್ತದೆ ಎಂದು ಮೊದಲೇ ಗೊತ್ತಿಲ್ಲದ್ದರಿಂದ ಎನ್‌ಎಸ್‌ಇಯ ಇಂಟ್ರಾಡೇ ಪೊಸಿಷನ್‌ಗಳನ್ನು ಬಿಎಸ್‌ಇಯಲ್ಲಿ ಮುಚ್ಚಿದ ಬ್ರೋಕರ್‌ಗಳಿದ್ದರು. ಒಂದು ಕಾಲು ಅಲ್ಲಿ, ಒಂದು ಇಲ್ಲಿ ಇಟ್ಟವರಿಗೆ ಆ ನಾಲ್ಕು ಗಂಟೆ ಏನಾಗಿರಬಹುದು ಎಂದು ಊಹಿಸಿಕೊಳ್ಳಿ.

ಇಂಥ ಅಡ್ಡಿ ಯಾವುದೂ ಇಲ್ಲ, ಗೆರೆಯೂ ದಾಟಿದೆ ಎಂದರೆ ಆರ್ಡರ್ ಹಾಕುವ ಕ್ರಮ ಹೀಗಿರಲಿ. ಮೊದಲು ವಹಿವಾಟು ಕಡಿಮೆ ಇರುವ ಕಡೆ, ಅಂದರೆ ನಮ್ಮ ಉದಾಹರಣೆಯಲ್ಲಿ ಬಿಎಸ್‌ಇ. ಮಾರ್ಕೆಟ್ ಆರ್ಡರ್ ಬೇಡ, ಲಿಮಿಟ್ ಆರ್ಡರ್ ಹಾಕಿ, ಅದನ್ನು ಐಒಸಿ ಎಂದು ಗುರುತು ಮಾಡಿ. ಐಒಸಿ ಅಂದರೆ ತಕ್ಷಣ ಸಿಕ್ಕಷ್ಟು ಆಗಬೇಕು, ಉಳಿದದ್ದು ತಾನಾಗಿ ರದ್ದಾಗಬೇಕು. 200 ಕೇಳಿ 95 ಆದರೆ 95 ಅಷ್ಟೇ. ಆಮೇಲೆ ಎನ್‌ಎಸ್‌ಇಯಲ್ಲಿ ಸರಿಯಾಗಿ 95 ಕೊಳ್ಳಿ. ತಿರುಗಿಸಿ ಮಾಡಿದರೆ ಸುಲಭವಾಗಿ ಸಿಗುವ ಕಡೆ 200 ಕೊಂಡು, ಕಷ್ಟದ ಕಡೆ ಮಾರಲಾಗದೆ ಬೇಡದ ಷೇರು ಕೈಯಲ್ಲಿ ಉಳಿಯುತ್ತದೆ.

ಹಣ ಹಾಕುವ ಮೊದಲು ಸ್ಪ್ರೆಡ್‌ಶೀಟ್‌ನಲ್ಲಿ ಇನ್ನೊಂದು ಕಾಲಂ ಸೇರಿಸಿ. ಗೆರೆ ದಾಟಿದ ಅಂತರ ಕಂಡಾಗ ಹತ್ತು ಸೆಕೆಂಡು ಬಿಟ್ಟು ಮತ್ತೆ ಬಿಡ್, ಆಸ್ಕ್ ಬರೆಯಿರಿ. ನೀವು ಎರಡು ಆರ್ಡರ್ ಕೈಯಿಂದ ಹಾಕಲು ಬೇಕಾಗುವ ಸಮಯ ಹೆಚ್ಚುಕಡಿಮೆ ಅಷ್ಟು. ಎರಡನೇ ಸಲವೂ ಗೆರೆಯ ಮೇಲೆ ಉಳಿದವು ಮಾತ್ರ ನಿಮಗೆ ಎಟುಕುವ ಅಂತರಗಳು.

## ಈ ಅಂತರ ಯಾರಿಗೆ ದುಡ್ಡು ಕೊಡುತ್ತದೆ?

ಈಗ ಮತ್ತೆ ಅದೇ ಡೆಪ್ತ್ ನೋಡಿ. ನಿಮಗೆ ಆರ್ಬಿಟ್ರೇಜ್ ಬೇಡ, ಮಗಳ ಕಾಲೇಜು ಫೀಸಿಗೆ ಆ 200 ಷೇರು ಹೇಗೂ ಮಾರಬೇಕಾಗಿದೆ ಎಂದುಕೊಳ್ಳಿ. ಎನ್‌ಎಸ್‌ಇಯ ಬಿಡ್‌ಗೆ ಮಾರಿದರೆ 1,00,000 ರೂಪಾಯಿ. ಬಿಎಸ್‌ಇಯಲ್ಲಿ ಮಾರಿದರೆ 1,00,069. ಎಸ್‌ಟಿಟಿ ಎರಡು ಕಡೆಯೂ ಒಂದೇ. ಡಿಪಿ ಶುಲ್ಕ ಒಂದೇ. ಬಂಡವಾಳ ಲಾಭದ ತೆರಿಗೆಯೂ ಹೇಗಿದ್ದರೂ ಬರುವುದೇ. ಜಾಸ್ತಿ ಆಗುವುದು ಬಿಎಸ್‌ಇಯ ವಹಿವಾಟು ಶುಲ್ಕದ ಮುಕ್ಕಾಲು ರೂಪಾಯಿ ಮತ್ತು ಅದರ ಜಿಎಸ್‌ಟಿ. 68 ರೂಪಾಯಿ ನಿಮ್ಮದು. ಎರಡು ಕಡೆ ಆಡಿದವರಿಗೆ 164 ರೂಪಾಯಿ ನಷ್ಟ ಕೊಟ್ಟ ಅದೇ ಅಂತರ, ಒಂದೇ ಕಡೆ ಮಾರುವವರಿಗೆ ಲಾಭ ಕೊಟ್ಟಿತು.

ಎರಡು ಬೆಲೆಗಳು ಹತ್ತಿರ ಹತ್ತಿರ ಇರುವುದಕ್ಕೂ ಇದೊಂದು ದೊಡ್ಡ ಕಾರಣ. ಒಳ್ಳೆಯ ಬೆಲೆ ಇರುವ ಎಕ್ಸ್‌ಚೇಂಜ್‌ಗೆ ಆರ್ಡರ್ ಅನ್ನು ತಾನೇ ಕಳಿಸುವ ವ್ಯವಸ್ಥೆಗೆ ಸೆಬಿ 2010ರಲ್ಲಿ ಅನುಮತಿ ಕೊಟ್ಟಿತು. ಹೇಗೂ ಕೊಳ್ಳುವವರು ಅಗ್ಗದ ಕಡೆ ಹೋದಂತೆ, ಹೇಗೂ ಮಾರುವವರು ದುಬಾರಿ ಕಡೆ ಹೋದಂತೆ ಅಂತರ ಕುಗ್ಗುತ್ತದೆ. ಅವರಿಗೆ ಎರಡನೇ ಕಡೆಯ ಶುಲ್ಕವೇ ಇಲ್ಲವಲ್ಲ, ಹಾಗಾಗಿ ಹತ್ತು ಪೈಸೆ ಅಂತರವೂ ಅವರಿಗೆ ಸಾಕು.

ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಆರ್ಡರ್ ತಾನಾಗಿ ಒಳ್ಳೆಯ ಬೆಲೆಯ ಕಡೆ ಹೋಗುತ್ತದೋ, ಅಥವಾ ನೀವು ಆರಿಸಿದ ಕಡೆಯೇ ಹೋಗುತ್ತದೋ ಎಂದು ಕೇಳಿಕೊಳ್ಳಿ. ಆರಿಸಿದ ಕಡೆಯೇ ಹೋಗುವುದಾದರೆ ಆರ್ಡರ್ ಪುಟದಲ್ಲಿ ಎನ್‌ಎಸ್‌ಇ, ಬಿಎಸ್‌ಇ ಎಂಬ ಎರಡು ಗುಂಡಿ ಇರುತ್ತವೆ. ಒತ್ತುವ ಮುಂಚೆ ಎರಡೂ ಕಡೆಯ ಡೆಪ್ತ್ ತೆರೆಯಿರಿ. ಕೊಳ್ಳುವಾಗ ನಿಮ್ಮ ಪೂರ್ತಿ ಷೇರುಗಳ ಸರಾಸರಿ ಆಸ್ಕ್ ಎಲ್ಲಿ ಕಡಿಮೆ, ಮಾರುವಾಗ ಸರಾಸರಿ ಬಿಡ್ ಎಲ್ಲಿ ಜಾಸ್ತಿ ಎಂದು ನೋಡಿ ಆ ಕಡೆ ಲಿಮಿಟ್ ಆರ್ಡರ್ ಹಾಕಿ.